ಐದು ತಿಂಗಳ ಹೊಟ್ಟೆ ಉಬ್ಬರ, ಒಂದು ಪುಟದ ಪತ್ರ: ವೈದ್ಯರು ಅದರಲ್ಲಿ ಹುಡುಕುವುದೇನು?

ತಿಂಗಳುಗಟ್ಟಲೆ ಹೊಟ್ಟೆ ಉಬ್ಬರಿಸಿಕೊಂಡು, ಮೋಷನ್ ಹದಗೆಟ್ಟು, ಬೀದಿಕೊನೆಯ ಮೆಡಿಕಲ್ ಶಾಪಿನ ಮಾತ್ರೆಗಳೆಲ್ಲ ಮುಗಿದ ಮೇಲೆ ಮನೆ ಡಾಕ್ಟರು ಒಂದು ಚೀಟಿ ಬರೆದುಕೊಡುತ್ತಾರೆ: "ಒಮ್ಮೆ ಗ್ಯಾಸ್ಟ್ರೋ ಅವರಿಗೆ ತೋರಿಸಿಬಿಡಿ." ಗ್ಯಾಸ್ಟ್ರೋ ಎಂದರೆ ಗ್ಯಾಸ್ಟ್ರೋಎಂಟರಾಲಜಿಸ್ಟ್, ಅಂದರೆ ಜಠರ ಮತ್ತು ಕರುಳಿನ ತಜ್ಞರು. ಅಪಾಯಿಂಟ್‌ಮೆಂಟ್ ಎರಡು ಮೂರು ವಾರಕ್ಕೆ ಸಿಕ್ಕರೂ, ಒಳಗೆ ಕೂತಾಗ ಸಿಗುವ ಹೊತ್ತು ಸ್ವಲ್ಪವೇ. 67 ದೇಶಗಳ ಅಂಕಿಅಂಶ ಸೇರಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದಲ್ಲಿ ಪ್ರಾಥಮಿಕ ಹಂತದ ಒಂದು ಭೇಟಿಗೆ ಸಿಗುವುದು ಸರಾಸರಿ ಸುಮಾರು 2 ನಿಮಿಷ. ತಜ್ಞರ ಬಳಿ ಇನ್ನಷ್ಟು ಸಿಗಬಹುದು. ಆದರೆ ಐದು ತಿಂಗಳ ಕಥೆಯನ್ನು ನೆನಪಿನಿಂದ ಹೇಳಿ ಮುಗಿಸುವಷ್ಟು ಸಿಗುವುದು ಕಷ್ಟ.

ಅದಕ್ಕೇ ಕೆಲವರು ಮೊದಲೇ ಬರೆದುಕೊಂಡು ಹೋಗುತ್ತಾರೆ. ಒಳ್ಳೆಯ ಅಭ್ಯಾಸ. ತೊಂದರೆ ಏನೆಂದರೆ, ರೋಗಿ ಮುಖ್ಯವೆಂದು ಬರೆಯುವುದು ಒಂದು, ವೈದ್ಯರ ಕಣ್ಣು ಹುಡುಕುವುದು ಇನ್ನೊಂದು. ಇಲ್ಲಿ ಒಂದು ಮಾದರಿ ಪತ್ರ ಇಟ್ಟುಕೊಂಡು, ಅದನ್ನು ವೈದ್ಯರು ಹೇಗೆ ಓದುತ್ತಾರೆ, ಯಾವ ಸಾಲಿನಿಂದ ಯಾವ ಪರೀಕ್ಷೆ ಹುಟ್ಟುತ್ತದೆ ಎಂದು ನೋಡೋಣ.

## ಮೊದಲು ಹೊಟ್ಟೆಯೊಳಗಿನ ಲೆಕ್ಕ

ತಿಂದದ್ದರಲ್ಲಿ ಬಹುಪಾಲು ಸಣ್ಣ ಕರುಳಿನಲ್ಲೇ ಅರಗಿ ರಕ್ತಕ್ಕೆ ಸೇರುತ್ತದೆ. ಅರಗದೆ ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ಅಂಚಿಗೆ ಬರುತ್ತದಲ್ಲ, ಅದೇ ಕೆಲಸ ಇಲ್ಲೂ ನಡೆಯುತ್ತದೆ: ಉಳಿದ ಪಿಷ್ಟ, ಸಕ್ಕರೆ, ನಾರು ಹುದುಗಿ ಗಾಳಿ ಹುಟ್ಟುತ್ತದೆ. ಇದು ಎಲ್ಲರಲ್ಲೂ ಆಗುವಂಥದ್ದು. ಅರಗದ ಪದಾರ್ಥ ಹೆಚ್ಚು ಇಳಿದರೆ ಗಾಳಿ ಹೆಚ್ಚು. ಕರುಳಿನ ನರ ಸೂಕ್ಷ್ಮವಾಗಿದ್ದರೆ ಇಷ್ಟೇ ಗಾಳಿಗೂ ಹಿಂಸೆ ಹೆಚ್ಚು.

ಮಲದ ಹದ ನೀರಿನ ಲೆಕ್ಕ. ದೊಡ್ಡ ಕರುಳು ನೀರು ಹೀರಿಕೊಳ್ಳುತ್ತ ಹೋಗುತ್ತದೆ. ಸರಕು ನಿಧಾನವಾಗಿ ಸಾಗಿದರೆ ಒಣಗಿ ಗಟ್ಟಿಯಾಗುತ್ತದೆ, ಬೇಗ ಸಾಗಿದರೆ ತೆಳ್ಳಗೇ ಹೊರಬರುತ್ತದೆ. ಹೋಲಿಕೆಗೆ ಕ್ಷಮೆಯಿರಲಿ: ಮುದ್ದೆಯೂ ಅದೇ ರಾಗಿ ಹಿಟ್ಟು, ಅಂಬಲಿಯೂ ಅದೇ ಹಿಟ್ಟು, ವ್ಯತ್ಯಾಸ ನೀರಿನದು ಮಾತ್ರ. ಹಾಗಾಗಿ ಮಲದ ಆಕಾರ ಹೇಳಿದರೆ ಕರುಳಿನೊಳಗಿನ ಪ್ರಯಾಣದ ವೇಗವನ್ನೇ ಹೇಳಿದಂತೆ.

## "ಗ್ಯಾಸ್ ಇದೆ, ಮೋಷನ್ ಸರಿಯಿಲ್ಲ" ಎಂದರೆ ಏನು?

ಕನ್ನಡದಲ್ಲಿ ಗ್ಯಾಸ್ ಎಂಬ ಪದ ಮಾಡದ ಕೆಲಸವಿಲ್ಲ. ತೇಗು ಬಂದರೂ ಗ್ಯಾಸ್, ಎದೆ ಉರಿದರೂ ಗ್ಯಾಸ್, ಹೊಟ್ಟೆ ಬಿಗಿದರೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್. ವೈದ್ಯರಿಗೆ ಇವು ನಾಲ್ಕು ಬೇರೆ ಬೇರೆ ದಾರಿಗಳು. ಮೋಷನ್ ಸರಿಯಿಲ್ಲ ಎಂಬುದೂ ಹಾಗೆಯೇ. ದಿನಕ್ಕೆ ನಾಲ್ಕು ಸಲ ಹೋಗುವವರೂ ಅದನ್ನೇ ಹೇಳುತ್ತಾರೆ, ಮೂರು ದಿನಕ್ಕೊಮ್ಮೆ ಹೋಗುವವರೂ ಅದನ್ನೇ.

ನಮ್ಮ ಮಾದರಿಯ ರೋಗಿ 52 ವರ್ಷದ ಶಿಕ್ಷಕಿ. ಅವರು ಮೊದಲು ಬರೆದದ್ದು ಹೀಗಿದೆ ಎಂದುಕೊಳ್ಳಿ:

"ಡಾಕ್ಟರೇ, ನಾಲ್ಕೈದು ತಿಂಗಳಿಂದ ವಿಪರೀತ ಗ್ಯಾಸ್. ಏನು ತಿಂದರೂ ಆಗುವುದಿಲ್ಲ. ಮೋಷನ್ ಸರಿಯಾಗಿ ಆಗುತ್ತಿಲ್ಲ. ತುಂಬ ಮಾತ್ರೆ ತಿಂದಾಯಿತು. ಐಬಿಎಸ್ ಇರಬಹುದು ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಶುಗರ್ ಕಂಟ್ರೋಲ್‌ನಲ್ಲಿದೆ."

ಇದರಲ್ಲಿ ಸುಳ್ಳು ಒಂದೂ ಇಲ್ಲ, ಬಳಸಬಹುದಾದದ್ದೂ ಹೆಚ್ಚಿಲ್ಲ. ಯಾವಾಗ ಶುರುವಾಯಿತು, ಎಷ್ಟು ಸಲ, ಯಾವ ಹದ, ಯಾವ ಮಾತ್ರೆ, ಏನಿಲ್ಲ: ಈ ಐದೂ ಪ್ರಶ್ನೆಗಳನ್ನು ವೈದ್ಯರು ಮತ್ತೆ ಕೇಳಲೇಬೇಕು. ಕೊನೆಯ ವಾಕ್ಯವಂತೂ ಸಮಾಧಾನಕ್ಕೆ ಬರೆದಂತಿದೆ. ನಿಜವಾದ ಸುಳಿವು ಅಡಗಿರುವುದು ಅಲ್ಲೇ.

## ಅದೇ ಪತ್ರ, ಎರಡು ವಾರ ಬರೆದಿಟ್ಟ ಮೇಲೆ

ಅಪಾಯಿಂಟ್‌ಮೆಂಟಿಗೆ ಕಾಯುವ ಹೊತ್ತಿನಲ್ಲಿ 14 ದಿನ ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಗುರುತು ಹಾಕಿಕೊಂಡು, ಆಮೇಲೆ ಬರೆದದ್ದು:

"ಮಾನ್ಯ ವೈದ್ಯರಿಗೆ ನಮಸ್ಕಾರ.

ನನಗೆ 52 ವರ್ಷ. ಮುಟ್ಟು ನಿಂತು ಎರಡು ವರ್ಷವಾಯಿತು. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ.

ಮುಖ್ಯ ತೊಂದರೆ: ಫೆಬ್ರವರಿ ಕೊನೆಯಿಂದ ಹೊಟ್ಟೆ ಉಬ್ಬರ, ಮಾರ್ಚ್ ಮೊದಲ ವಾರದಿಂದ ಮಲ ತೆಳ್ಳಗಾಗಿದೆ. ಅದಕ್ಕೂ ಮೊದಲು ಬೆಳಗ್ಗೆ ಒಂದೇ ಸಲ, ಮೆತ್ತಗೆ ಉದ್ದಕ್ಕೆ ಹೋಗುತ್ತಿತ್ತು.

ಈಗ 14 ದಿನದ ಲೆಕ್ಕ: ಒಟ್ಟು 29 ಸಲ. ಮಲದ ಆಕಾರ ಹೇಳುವ ಬ್ರಿಸ್ಟಲ್ ಪಟ್ಟಿಯ ಪ್ರಕಾರ 4ನೇ ಬಗೆ 5 ಸಲ, 5ನೇ ಬಗೆ 7, 6ನೇ ಬಗೆ 14, 7ನೇ ಬಗೆ 3. ಹೆಚ್ಚಾಗಿ ತಿಂಡಿ ಮತ್ತು ಊಟದ ಮೇಲೆ. ಎರಡು ಸಲ ಶಾಲೆಯಲ್ಲಿ ಓಡಿ ಹೋಗಬೇಕಾಯಿತು.

ಉಬ್ಬರ 14ರಲ್ಲಿ 11 ದಿನ. ಬೆಳಗ್ಗೆ ಎದ್ದಾಗ ಕಡಿಮೆ, ಊಟವಾದ ಒಂದೆರಡು ಗಂಟೆಗೆ ಶುರು, ಸಂಜೆ ಲಂಗದ ಲಾಡಿ ಸಡಿಲ ಮಾಡಿಕೊಳ್ಳಬೇಕು. ಗಾಳಿ ಹೋದರೆ ಹಗುರ. ನೋವು ಎನ್ನುವಂಥದ್ದಿಲ್ಲ, ಬಿಗಿತ.

ಇಲ್ಲದಿರುವುದು: ಮಲದಲ್ಲಿ ರಕ್ತ ಕಂಡಿಲ್ಲ, ಕಪ್ಪಗೆ ಹೋಗಿಲ್ಲ. ಜ್ವರವಿಲ್ಲ, ವಾಂತಿಯಿಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸಿಲ್ಲ. ಹಸಿವು ಮೊದಲಿನಂತೇ ಇದೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದಿಲ್ಲ.

ತೂಕ: ಜನವರಿಯಲ್ಲಿ 64 ಕಿಲೋ, ಈಗ 62.5, ಅದೇ ತಕ್ಕಡಿ. ಹಿಮೋಗ್ಲೋಬಿನ್ ಡಿಸೆಂಬರಿನಲ್ಲಿ 12.4, ಜೂನಿನಲ್ಲಿ 12.1.

ಮಾತ್ರೆಗಳು: ಮೆಟ್‌ಫಾರ್ಮಿನ್ 500 ಎರಡು ಹೊತ್ತು ಇತ್ತು. ಫೆಬ್ರವರಿ 10ರಿಂದ 1000 ಎರಡು ಹೊತ್ತು, ಜೊತೆಗೆ ವೋಗ್ಲಿಬೋಸ್ 0.2 ಮೂರು ಹೊತ್ತು. ಮಧ್ಯೆ ನಾನೇ ಪ್ಯಾಂಟೊಪ್ರಜೋಲ್ 40 ಒಂದು ತಿಂಗಳು ತೆಗೆದುಕೊಂಡೆ, ವ್ಯತ್ಯಾಸವಿಲ್ಲ. ಇಸಬ್‌ಗೋಲ್ ಒಂದು ವಾರ, ಉಬ್ಬರ ಹೆಚ್ಚಾಗಿ ಬಿಟ್ಟೆ. ಕಬ್ಬಿಣದ ಮಾತ್ರೆ ಇಲ್ಲ.

ಊಟ: ಹಾಲಿನ ಕಾಫಿ ದಿನಕ್ಕೆ ಎರಡು, ವರ್ಷಗಳಿಂದ ಹೀಗೇ. ಗೋಧಿ ಬಿಟ್ಟಿಲ್ಲ.

ಮನೆತನ: ಸೋದರಮಾವನಿಗೆ 71ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್.

ನನ್ನ ಪ್ರಶ್ನೆ: ಇದು ಮಾತ್ರೆಯಿಂದ ಆಗಿದ್ದೇ? ಬೇರೆ ಏನಾದರೂ ಇರಬಹುದೇ ಎಂದು ಯಾವ ಪರೀಕ್ಷೆ ಮಾಡಿಸಬೇಕು?"

ಒಂದು ಪುಟ. ಓದಲು ಒಂದೆರಡು ನಿಮಿಷ ಸಾಕು. ಈಗ ವೈದ್ಯರ ಕುರ್ಚಿಯಲ್ಲಿ ಕೂತು ಓದೋಣ.

## ಮೊದಲ ಓದು: ಎರಡು ತಾರೀಖುಗಳು

ಅನುಭವಿ ವೈದ್ಯರ ಕಣ್ಣು ಮೊದಲು ಹೋಗುವುದು ಫೆಬ್ರವರಿ 10ಕ್ಕೆ, ಆಮೇಲೆ ಫೆಬ್ರವರಿ ಕೊನೆಗೆ. ಮಾತ್ರೆ ಬದಲಾದ ಎರಡು ಮೂರು ವಾರಕ್ಕೆ ಉಬ್ಬರ ಶುರುವಾಗಿದೆ. ಪತ್ರದಲ್ಲಿ ಇವೆರಡೂ ಇಲ್ಲದಿದ್ದರೆ ಈ ಸಂಬಂಧ ಯಾರಿಗೂ ಕಾಣುತ್ತಿರಲಿಲ್ಲ. ಶುಗರ್ ನೋಡುವವರು ಒಬ್ಬರು, ಹೊಟ್ಟೆ ನೋಡುವವರು ಇನ್ನೊಬ್ಬರು, ಎರಡು ಫೈಲು ಬೇರೆ ಬೇರೆ ಚೀಲದಲ್ಲಿ.

ವೋಗ್ಲಿಬೋಸ್ ಕೆಲಸ ಮಾಡುವ ರೀತಿಯೇ ಗಾಳಿ ಹುಟ್ಟಿಸುವಂಥದ್ದು. ಸಣ್ಣ ಕರುಳಿನಲ್ಲಿ ಪಿಷ್ಟವನ್ನು ಕೊನೆಯ ಹಂತದಲ್ಲಿ ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಅದು ತಡೆಹಿಡಿಯುತ್ತದೆ. ಊಟದ ನಂತರ ಶುಗರ್ ಥಟ್ಟನೆ ಏರದಿರಲೆಂದು ಈ ಏರ್ಪಾಡು. ಆದರೆ ಒಡೆಯದ ಅನ್ನ ಎಲ್ಲಿ ಹೋಗಬೇಕು? ಒಂದು ಪಾಲು ದೊಡ್ಡ ಕರುಳಿಗೇ ಇಳಿಯುತ್ತದೆ, ಅಲ್ಲಿ ಹುದುಗುತ್ತದೆ. ಅಂದರೆ ಉಬ್ಬರ ಇಲ್ಲಿ ಔಷಧ ಕೆಲಸ ಮಾಡುತ್ತಿರುವುದರ ಇನ್ನೊಂದು ಮುಖ. ಅನ್ನ, ಮುದ್ದೆ, ರೊಟ್ಟಿಯೇ ಊಟದ ಮುಕ್ಕಾಲು ಪಾಲಾಗಿರುವ ನಮ್ಮ ತಟ್ಟೆಗೆ ಇದು ಇನ್ನಷ್ಟು ಅನ್ವಯ. ಮೆಟ್‌ಫಾರ್ಮಿನ್ ಬೇರೆ ದಾರಿಯಿಂದ ಮಲವನ್ನು ತೆಳ್ಳಗೆ ಮಾಡಬಲ್ಲದು. ಶುರು ಮಾಡಿದಾಗ ಅಥವಾ ಪ್ರಮಾಣ ಏರಿಸಿದಾಗ ಹೀಗಾಗುವುದು ಹೆಚ್ಚು. ಇದೇ ಮೆಟ್‌ಫಾರ್ಮಿನ್‌ನ ನಿಧಾನವಾಗಿ ಬಿಡುಗಡೆಯಾಗುವ ರೂಪದಲ್ಲಿ ಈ ಕಾಟ ಸಾಮಾನ್ಯವಾಗಿ ಕಡಿಮೆ. ಮಾತ್ರೆಯ ಪಟ್ಟಿಯ ಮೇಲೆ ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಅಥವಾ ಇಆರ್ ಎಂದಿದ್ದರೆ ಅದೇ.

ಹೊಟ್ಟೆಯ ತೊಂದರೆಗೂ ನಿಮ್ಮ ಮಾತ್ರೆಗೂ ಸಂಬಂಧವಿಲ್ಲ ಎನಿಸಿದರೂ ಪಟ್ಟಿ ಪೂರ್ತಿ ಬರೆಯಬೇಕು ಎನ್ನುವುದು ಇದಕ್ಕೇ. ಮೆಗ್ನೀಸಿಯಂ ಇರುವ ಆಂಟಾಸಿಡ್ ಭೇದಿ ತರಬಹುದು, ಅಲ್ಯೂಮಿನಿಯಂ ಇರುವುದು ಮಲಬದ್ಧತೆ ತರಬಹುದು. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿಸುತ್ತದೆ. ಅದು ತಿಳಿಯದಿದ್ದರೆ ರಕ್ತಸ್ರಾವವೇನೋ ಎಂದು ಗಾಬರಿ. ಊರಿನ ಪಂಡಿತರ ಚೂರ್ಣವಿದ್ದರೆ ಅದನ್ನೂ ಬರೆಯಿರಿ. ಸೋನಾಮುಖಿ ಎಲೆ ಸೇರಿದ ಚೂರ್ಣಗಳು ಬಹಳ, ಅದು ನೇರ ವಿರೇಚಕ. ಹೆಸರು ಗೊತ್ತಿಲ್ಲದಿದ್ದರೆ ಡಬ್ಬಿಯನ್ನೇ ಒಯ್ದರಾಯಿತು.

## ಎರಡನೇ ಓದು: ಏಳು ಆಕಾರಗಳು

ಪತ್ರದಲ್ಲಿ ಬಂದ ಬ್ರಿಸ್ಟಲ್ ಪಟ್ಟಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಸ್ಟೀಫನ್ ಲೂಯಿಸ್ ಮತ್ತು ಕೆನ್ ಹೀಟನ್ ಎಂಬ ವೈದ್ಯರು 1997ರಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಸ್ವಯಂಸೇವಕರಿಗೆ ಒಮ್ಮೆ ಭೇದಿಯ ಔಷಧ, ಒಮ್ಮೆ ಭೇದಿ ನಿಲ್ಲಿಸುವ ಔಷಧ ಕೊಟ್ಟು, ಕರುಳಿನ ವೇಗ ಬದಲಾದಂತೆ ಮಲದ ಆಕಾರವೂ ಬದಲಾಗುತ್ತದೆಂದು ತೋರಿಸಿದರು. ಎಷ್ಟು ಸಲ ಹೋದಿರಿ ಎಂಬುದಕ್ಕಿಂತ ಯಾವ ಆಕಾರ ಎಂಬುದೇ ವೇಗವನ್ನು ಚೆನ್ನಾಗಿ ಹೇಳುತ್ತದೆ.

ಕನ್ನಡದಲ್ಲಿ ಅದನ್ನು ಹೀಗೆ ನೆನಪಿಡಬಹುದು. 1: ಆಡಿನ ಹಿಕ್ಕೆಯಂತೆ ಬಿಡಿ ಬಿಡಿ ಗಟ್ಟಿ ಉಂಡೆ. 2: ಅದೇ ಉಂಡೆಗಳು ಅಂಟಿಕೊಂಡು ಗಂಟುಗಂಟಾದ ಉದ್ದ ತುಂಡು. 3: ಉದ್ದಕ್ಕಿದೆ, ಮೇಲ್ಮೈ ಬಿರುಕು. 4: ಬಾಳೆಹಣ್ಣಿನಂತೆ ನುಣುಪು, ಮೆತ್ತಗೆ. 5: ಅಂಚು ಸ್ಪಷ್ಟವಾಗಿರುವ ಮೆತ್ತನೆ ಚೂರುಗಳು. 6: ಅಂಚು ಹರಿದ, ಗಂಜಿಯಂಥ ಮುದ್ದೆ. 7: ಬರೀ ನೀರು. ಮೂರು, ನಾಲ್ಕು ಸಾಮಾನ್ಯ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಷ್ಟು ಹೋದರೂ ಸಾಮಾನ್ಯವೆಂದೇ ಲೆಕ್ಕ.

ಈಗ ಶಿಕ್ಷಕಿಯ ಅಂಕಿ ನೋಡಿ. 29ರಲ್ಲಿ 6 ಮತ್ತು 7 ಸೇರಿ 17 ಸಲ, ಅಂದರೆ ಅರ್ಧಕ್ಕಿಂತ ಹೆಚ್ಚು. 1, 2 ಒಂದೂ ಇಲ್ಲ. ಇದು ನಿಜವಾದ ಭೇದಿಯ ಕಡೆಯ ಚಿತ್ರ. ಇದನ್ನು ಬಿಡಿಸಿ ಹೇಳಬೇಕಾದ ಕಾರಣವಿದೆ. "ದಿನಕ್ಕೆ ನಾಲ್ಕು ಸಲ ನೀರು ನೀರು ಹೋಗುತ್ತಿದೆ" ಎನ್ನುವ ಕೆಲವರಿಗೆ, ವಯಸ್ಸಾದವರಿಗೆ ವಿಶೇಷವಾಗಿ, ಇರುವುದು ಮಲಬದ್ಧತೆ. ಗಟ್ಟಿ ಮಲ ಕೊನೆಯಲ್ಲಿ ಬಿರಡೆಯಂತೆ ಕೂತು, ಅದರ ಪಕ್ಕದಿಂದ ತೆಳುವಾದದ್ದು ಸೋರುತ್ತದೆ. ಅವರಿಗೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಬಿರಡೆ ಇನ್ನಷ್ಟು ಬಿಗಿ. ಅಂಥವರ ಲೆಕ್ಕದಲ್ಲಿ 1 ಮತ್ತು 7 ಪಕ್ಕಪಕ್ಕದಲ್ಲೇ ಬರಬಹುದು, ನಡುವಿನ ಸಂಖ್ಯೆಗಳು ಕಡಿಮೆ. ಇಂಥದನ್ನು ಎರಡು ವಾರದ ಗುರುತುಗಳು ಚೆನ್ನಾಗಿ ತೋರಿಸಬಲ್ಲವು.

ಇನ್ನೊಂದು ಮಾತು ಐಬಿಎಸ್ ಬಗ್ಗೆ. ಐಬಿಎಸ್ ಅಂದರೆ ಕರುಳಿನಲ್ಲಿ ಹುಣ್ಣು, ಗಂಟು ಏನೂ ಇಲ್ಲದೆ ಅದರ ಚಲನೆ ಮತ್ತು ಸೂಕ್ಷ್ಮತೆ ಹದತಪ್ಪಿದ ಸ್ಥಿತಿ. 2016ರಿಂದ ಬಳಕೆಯಲ್ಲಿರುವ ರೋಮ್ 4 ಎಂಬ ಮಾನದಂಡದಲ್ಲಿ ಹೊಟ್ಟೆ ನೋವು ಇರಲೇಬೇಕು: ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಕನಿಷ್ಠ ಒಂದು ದಿನ. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ನಮ್ಮ ಪತ್ರದಲ್ಲಿ "ನೋವಿಲ್ಲ, ಬಿಗಿತ" ಎಂದಿದೆ, ಆಗಿರುವುದು ಐದು ತಿಂಗಳು. ಅಕ್ಕಪಕ್ಕದವರು ಕೊಟ್ಟ ಹೆಸರು ಹೊಂದುವುದಿಲ್ಲ. ಅಲ್ಲದೆ ಐವತ್ತು ದಾಟಿದ ಹೆಣ್ಣಿಗೆ ಜೀವನದಲ್ಲೇ ಮೊದಲ ಬಾರಿ ಹೀಗಾದರೆ, ಬೇರೆ ಕಾರಣಗಳನ್ನು ಹುಡುಕದೆ ಐಬಿಎಸ್ ಎಂದು ಬರೆಯಲು ವೈದ್ಯರು ಹಿಂಜರಿಯಬೇಕು.

## ಮೂರನೇ ಓದು: ಲಾಡಿಯ ಗಂಟು

ಉಬ್ಬರದಲ್ಲಿ ಎರಡು ಬಗೆ. ಒಳಗೆ ತುಂಬಿದಂತೆ ಅನಿಸುವುದು ಒಂದು. ಹೊಟ್ಟೆ ಕಣ್ಣಿಗೆ ಕಾಣುವಂತೆ ಮುಂದೆ ಬರುವುದು ಇನ್ನೊಂದು. ಇದನ್ನು ಅಳೆಯಲು ಟೇಪು ಬೇಕಿಲ್ಲ. ಲಂಗದ ಲಾಡಿ ಕಟ್ಟಿದ ಜಾಗ, ಪಂಚೆಯ ಬಿಗಿ, ಬೆಲ್ಟಿನ ತೂತು ಸಾಕು. ಮುಖ್ಯ ಪ್ರಶ್ನೆ ಒಂದೇ: ಬೆಳಗ್ಗೆ ಇಳಿಯುತ್ತದೆಯೇ?

ಬೆಳಗ್ಗೆ ಇಳಿದು ಊಟದ ಮೇಲೆ ಏರಿ, ಗಾಳಿ ಹೋದರೆ ಹಗುರಾಗುವ ಉಬ್ಬರ ಸಾಮಾನ್ಯವಾಗಿ ಗಾಳಿ ಮತ್ತು ಕರುಳಿನ ಚಲನೆಯದು. ದಿನವಿಡೀ ಹಾಗೇ ಇದ್ದು, ವಾರದಿಂದ ವಾರಕ್ಕೆ ಲಾಡಿ ಹೊರಹೊರಗೇ ಸರಿಯುತ್ತಿದ್ದರೆ ಮಾತು ಬೇರೆ. ಹೊಟ್ಟೆಯೊಳಗೆ ನೀರು ತುಂಬಿದರೆ, ಗಡ್ಡೆ ಬೆಳೆದರೆ ಹೀಗಾಗುತ್ತದೆ. ನೀರು ತುಂಬಲು ಲಿವರ್ ಕಾಯಿಲೆಯೂ ಕಾರಣ, ನಮ್ಮಲ್ಲಿ ಹೊಟ್ಟೆಯ ಕ್ಷಯವೂ ಕಾರಣ. ಕ್ಷಯದಲ್ಲಿ ಸಂಜೆಯ ಜ್ವರ, ತೂಕ ಇಳಿಕೆ, ಹೊಟ್ಟೆಯ ಬಲಭಾಗದ ಕೆಳಗೆ ನೋವು ಜೊತೆಗೂಡಬಹುದು. ಪತ್ರದಲ್ಲಿ "ಜ್ವರವಿಲ್ಲ" ಎಂಬ ಒಂದು ಪದ ಬೆಲೆಬಾಳುವುದು ಇಲ್ಲಿ.

ಹೆಂಗಸರ ವಿಷಯದಲ್ಲಿ ಇನ್ನೊಂದು ಎಚ್ಚರ. ಅಂಡಾಶಯದ ಕ್ಯಾನ್ಸರ್ ಮೊದಮೊದಲು ತೋರಿಸಿಕೊಳ್ಳುವುದು ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರ ಇಂಥ ಸಪ್ಪೆ ಲಕ್ಷಣಗಳಲ್ಲೇ. ಇವು ಯಾವುದಾದರೂ ತಿಂಗಳಿಗೆ 12 ಸಲಕ್ಕಿಂತ ಹೆಚ್ಚು ಬರುತ್ತಿದ್ದರೆ, ಮುಖ್ಯವಾಗಿ ಐವತ್ತು ದಾಟಿದವರಲ್ಲಿ, ಸಿಎ 125 ರಕ್ತಪರೀಕ್ಷೆ ಮಾಡಿಸಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಅಲ್ಲಿ ಅಂಕಿ ಹೆಚ್ಚಿದ್ದರೆ ಮುಂದೆ ಅಲ್ಟ್ರಾಸೌಂಡ್. 14 ದಿನದಲ್ಲಿ 11 ದಿನ ಎಂದರೆ ತಿಂಗಳಿಗೆ ಇಪ್ಪತ್ತು ದಾಟುತ್ತದೆ. ಶಿಕ್ಷಕಿಗೆ 52. ಹಾಗಾಗಿ ಮಾತ್ರೆಯ ಮೇಲೆ ಎಷ್ಟೇ ಅನುಮಾನವಿದ್ದರೂ, ಉಬ್ಬರ ಬೆಳಗ್ಗೆ ಇಳಿಯುತ್ತಿದ್ದರೂ, ಈ ಎರಡು ಪರೀಕ್ಷೆ ಬಿಡುವಂತಿಲ್ಲ. ಇವುಗಳಲ್ಲಿ ಸಿಎ 125 ಬೇರೆ ನಿರುಪದ್ರವಿ ಕಾರಣಗಳಿಗೂ ಏರುತ್ತದೆ. ಅದೊಂದನ್ನೇ ನೋಡಿ ರಾತ್ರಿ ನಿದ್ದೆಗೆಡುವುದು ಬೇಡ. ನಮ್ಮಲ್ಲಿ ಸ್ಕ್ಯಾನನ್ನು ಜೊತೆಗೇ ಬರೆಯುವುದೂ ಇದಕ್ಕೇ.

## "ಇಲ್ಲ" ಎಂದು ಬರೆದ ಸಾಲುಗಳು

ರೋಗಿಗಳು ಇರುವುದನ್ನು ಬರೆಯುತ್ತಾರೆ, ಇಲ್ಲದ್ದನ್ನು ಬಿಡುತ್ತಾರೆ. ಓದುವವರಿಗೆ ಬಿಟ್ಟದ್ದು "ಇಲ್ಲ" ಎಂದು ಅರ್ಥವಾಗುವುದಿಲ್ಲ, "ಗೊತ್ತಿಲ್ಲ" ಎಂದಷ್ಟೇ. ಅದಕ್ಕೇ ರಕ್ತ, ಕಪ್ಪು ಮಲ, ಜ್ವರ, ರಾತ್ರಿ, ತೂಕ, ಮನೆತನ ಈ ಆರನ್ನು ಇದ್ದರೂ ಇಲ್ಲದಿದ್ದರೂ ಬರೆಯಬೇಕು.

ರಾತ್ರಿಯ ಪ್ರಶ್ನೆಗೆ ಇಷ್ಟು ಬೆಲೆಯೇಕೆ? ಐಬಿಎಸ್‌ನಂಥ ತೊಂದರೆ ನಿದ್ದೆಯಿಂದ ಎಬ್ಬಿಸುವುದು ಅಪರೂಪ. ಗಾಢ ನಿದ್ದೆಯಿಂದ ಎದ್ದು ಓಡಿಸುವ ಭೇದಿ ಕರುಳಿನ ಉರಿಯೂತವನ್ನು, ಹಳೆಯ ಸಕ್ಕರೆ ಕಾಯಿಲೆಯಲ್ಲಿ ನರ ಹಾಳಾದದ್ದನ್ನು ಸೂಚಿಸಬಹುದು. ಬೇರೆ ಕಾರಣಕ್ಕೆ ಎಚ್ಚರವಾಗಿ, ಹೇಗೂ ಎದ್ದೆನಲ್ಲ ಎಂದು ಹೋಗಿ ಬರುವುದು ಇದಲ್ಲ. ಆ ವ್ಯತ್ಯಾಸ ಬರೆಯಿರಿ.

ತೂಕದಲ್ಲಿ ಲೆಕ್ಕ ಹೀಗೆ. ಪ್ರಯತ್ನವಿಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ನೂರಕ್ಕೆ 5 ಭಾಗ ಇಳಿದರೆ ಕಾರಣ ಹುಡುಕಲೇಬೇಕು. 64 ಕಿಲೋಗೆ ಅದು 3.2 ಕಿಲೋ. ಶಿಕ್ಷಕಿ ಇಳಿದದ್ದು 1.5. ಮೆಟ್‌ಫಾರ್ಮಿನ್ ಏರಿಸಿದಾಗ ಇಷ್ಟು ಇಳಿಯುವುದುಂಟು. ಆದರೆ ಈ ತೀರ್ಮಾನ ನಿಂತಿರುವುದು "ಅದೇ ತಕ್ಕಡಿ" ಎಂಬ ಎರಡು ಪದಗಳ ಮೇಲೆ. ಮನೆಯ ತಕ್ಕಡಿಗೂ ಆಸ್ಪತ್ರೆಯದಕ್ಕೂ ಎರಡು ಕಿಲೋ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ.

ರಕ್ತ ಕಂಡಿದ್ದರೆ ಎಲ್ಲಿ ಕಂಡಿತೆಂದೂ ಹೇಳಬೇಕು: ಮಲದ ಮೇಲೆ ಗೆರೆಯಂತೆ ಅಂಟಿತ್ತೇ, ಮಲದೊಳಗೆ ಬೆರೆತಿತ್ತೇ, ಕೊನೆಯಲ್ಲಿ ತೊಟ್ಟಿಕ್ಕಿತೇ. "ಪೈಲ್ಸ್ ಇದೆ, ಅದರದ್ದೇ ರಕ್ತ" ಎಂದು ತಾವೇ ತೀರ್ಮಾನಿಸಿ ಪತ್ರದಿಂದ ತೆಗೆದುಹಾಕುವವರು ಬಹಳ. ಪೈಲ್ಸ್ ಇರುವವರಿಗೆ ಬೇರೇನೂ ಬರಬಾರದೆಂಬ ನಿಯಮವಿಲ್ಲವಲ್ಲ.

ಮನೆತನದಲ್ಲಿ ಹೆಚ್ಚು ತೂಗುವುದು ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು; ಅದರಲ್ಲೂ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ. ಸೋದರಮಾವನಿಗೆ 71ರಲ್ಲಿ ಬಂದದ್ದು ಅಷ್ಟು ತೂಗುವುದಿಲ್ಲ. ವಯಸ್ಸು ಬರೆದದ್ದರಿಂದಲೇ ಇಷ್ಟು ಹೇಳಲು ಸಾಧ್ಯವಾಯಿತು.

## ಭೇಟಿಗೆ ಮೊದಲೇ ಕೆಡಿಸಿಕೊಳ್ಳುವುದು

ಪತ್ರದಲ್ಲಿ "ಗೋಧಿ ಬಿಟ್ಟಿಲ್ಲ" ಎಂಬ ಪುಟ್ಟ ಸಾಲಿದೆ. ಗೋಧಿಯ ಗ್ಲುಟೆನ್ ಎಂಬ ಅಂಶಕ್ಕೆ ದೇಹ ತಿರುಗಿಬಿದ್ದು ಸಣ್ಣ ಕರುಳು ಸವೆಯುವ ಕಾಯಿಲೆ ಸೀಲಿಯಾಕ್. ಉತ್ತರ ಭಾರತದಲ್ಲಿ ಹೆಚ್ಚು, ನಮ್ಮ ಕಡೆ ಕಡಿಮೆ. ಆದರೂ ತಿಂಗಳುಗಟ್ಟಲೆ ಭೇದಿಯಿದ್ದರೆ ಪರೀಕ್ಷಿಸುತ್ತಾರೆ. ಇದರ ರಕ್ತಪರೀಕ್ಷೆ ಹುಡುಕುವುದು ಗೋಧಿಯ ವಿರುದ್ಧ ದೇಹ ನಡೆಸುತ್ತಿರುವ ಜಗಳದ ಗುರುತನ್ನು. ಯಾರೋ ಹೇಳಿದರೆಂದು ಚಪಾತಿ ಬಿಟ್ಟು ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದರೆ ಜಗಳವೇ ತಣ್ಣಗಾಗಿ, ಕಾಯಿಲೆಯಿದ್ದರೂ ವರದಿ ಸರಿಯಾಗಿದೆ ಎಂದು ಬರಬಹುದು. ಪರೀಕ್ಷೆಗೆ ಮುಂಚೆ ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗೋಧಿ ತಿಂದಿರಬೇಕೆಂಬುದು ನಿಯಮ. ನೀವು ಈಗಾಗಲೇ ಬಿಟ್ಟಿದ್ದರೆ ಎಂದಿನಿಂದ ಎಂದು ಬರೆಯಿರಿ.

ಹಾಲಿನದು ಬೇರೆ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದಿರುವುದು ದಕ್ಷಿಣದವರಲ್ಲಿ ಸಾಮಾನ್ಯ. ಮೊಸರು ಆಗುತ್ತದೆ, ಹಾಲು ಆಗುವುದಿಲ್ಲ ಎನ್ನುವವರಲ್ಲಿ ಇದೇ ಇರಬಹುದು. ಹಾಲು ಎರಡು ವಾರ ಬಿಟ್ಟು ನೋಡುವುದರಿಂದ ಯಾವ ಪರೀಕ್ಷೆಯೂ ಕೆಡುವುದಿಲ್ಲ. ಆದರೆ ಶಿಕ್ಷಕಿ ಅದೇ ಎರಡು ಕಾಫಿ ವರ್ಷಗಳಿಂದ ಕುಡಿಯುತ್ತಿದ್ದಾರೆ. ಫೆಬ್ರವರಿಯಲ್ಲಿ ಹೊಸದಾಗಿ ಶುರುವಾದದ್ದಕ್ಕೆ ಅದನ್ನು ಹೊಣೆಮಾಡುವುದು ಕಷ್ಟ.

ಇನ್ನು ಕೆಲವರು ಒಂದೇ ಸಲಕ್ಕೆ ಈರುಳ್ಳಿ, ಬೇಳೆ, ಹಾಲು, ಗೋಧಿ, ಕಾಫಿ ಎಲ್ಲ ಬಿಟ್ಟುಬಿಡುತ್ತಾರೆ. ಸ್ವಲ್ಪ ಹಗುರಾದರೂ ಯಾವುದರಿಂದ ಆಯಿತೆಂದು ಹೇಳುವ ದಾರಿ ಇರುವುದಿಲ್ಲ. ಶುಗರ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ನೋಡುವುದು ಇನ್ನೂ ಅಪಾಯ. ಅನುಮಾನ ಬರೆಯಿರಿ, ಮಾತ್ರೆ ಮುಂದುವರಿಸಿ. ಬದಲಾವಣೆ ಮಾಡಬೇಕಾದವರು ಅದನ್ನು ಬರೆದುಕೊಟ್ಟವರು.

ಇಷ್ಟರ ಮಧ್ಯೆ ತಾರೀಖಿಗೆ ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ಡಾಂಬರಿನಂತೆ ಕಪ್ಪಗೆ ಅಂಟಂಟು ಮಲ, ಧಾರಾಳ ರಕ್ತ, ತಲೆಸುತ್ತಿ ಬೀಳುವಂತಾಗುವುದು, ವಾಂತಿಯ ಜೊತೆ ಹೊಟ್ಟೆ ಬಿಗಿದು ಮಲವೂ ಇಲ್ಲ ಗಾಳಿಯೂ ಇಲ್ಲ ಎನ್ನುವ ಸ್ಥಿತಿ, ಜ್ವರದೊಂದಿಗೆ ತೀವ್ರ ಹೊಟ್ಟೆ ನೋವು. ಇವುಗಳಿಗೆ ಪತ್ರವಲ್ಲ, ಅಂದೇ ಎಮರ್ಜೆನ್ಸಿ.

## ಪತ್ರ ಓದಿದ ಮೇಲೆ

ವೈದ್ಯರು ಹೊಟ್ಟೆ ಮುಟ್ಟಿ ನೋಡುತ್ತಾರೆ, ಅಗತ್ಯವಿದ್ದರೆ ಗುದದ್ವಾರದ ಪರೀಕ್ಷೆಯೂ ಇರುತ್ತದೆ. ಆಮೇಲೆ ಈ ಪತ್ರದಿಂದ ಎರಡು ಕೆಲಸ ಜೊತೆಜೊತೆಗೆ ಹೊರಡುತ್ತವೆ.

ಒಂದು, ಶುಗರ್ ವೈದ್ಯರಿಗೆ ನಾಲ್ಕು ಸಾಲಿನ ಟಿಪ್ಪಣಿ: ವೋಗ್ಲಿಬೋಸ್ ನಿಲ್ಲಿಸಿ ಬೇರೆ ಕೊಡಲು ಸಾಧ್ಯವೇ, ಮೆಟ್‌ಫಾರ್ಮಿನ್ ನಿಧಾನ ಬಿಡುಗಡೆಯ ರೂಪಕ್ಕೆ ಬದಲಿಸಬಹುದೇ. ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದರ ತಪ್ಪೆಂದು ತಿಳಿಯದು. ಉಬ್ಬರವೇ ದೊಡ್ಡ ಹಿಂಸೆಯಾದ್ದರಿಂದ ಮೊದಲು ವೋಗ್ಲಿಬೋಸ್, ಎರಡು ವಾರದ ನಂತರ ಇನ್ನೊಂದು ಎಂಬ ಕ್ರಮ ಅನುಕೂಲ.

ಎರಡು, ಬೇರೆ ಕಾರಣಗಳ ಪರೀಕ್ಷೆ. ರಕ್ತದ ಎಣಿಕೆ, ಥೈರಾಯ್ಡ್, ಸೀಲಿಯಾಕ್, ಸಿಎ 125, ಹೊಟ್ಟೆ ಮತ್ತು ಕೆಳಹೊಟ್ಟೆಯ ಸ್ಕ್ಯಾನ್. ಜೊತೆಗೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್. ಇದು ಬಿಳಿ ರಕ್ತಕಣಗಳಲ್ಲಿರುವ ಒಂದು ಪ್ರೋಟೀನು. ಕರುಳಿನ ಗೋಡೆಯಲ್ಲಿ ಉರಿಯೂತವಿದ್ದರೆ ಮಲದಲ್ಲಿ ಇಳಿಯುತ್ತದೆ. ಗ್ರಾಮಿಗೆ 50 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಉರಿಯೂತದ ಸಾಧ್ಯತೆ ಕಡಿಮೆ. ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುತ್ತಿದ್ದರೆ ಸುಮ್ಮನೇ ಏರಿರಬಹುದು, ಅದನ್ನೂ ಹೇಳಬೇಕು.

ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿ ಬೇಕೇ? ಐವತ್ತು ದಾಟಿದ ಮೇಲೆ ಮಲದ ಅಭ್ಯಾಸ ಬದಲಾಗಿ ಹಾಗೇ ಉಳಿದರೆ ಬೇಕು ಎನ್ನುವವರೇ ಹೆಚ್ಚು. ಈ ಪತ್ರದಲ್ಲಿ ರಕ್ತವಿಲ್ಲ, ಹಿಮೋಗ್ಲೋಬಿನ್ ಬಿದ್ದಿಲ್ಲ, ತಾರೀಖುಗಳು ಮಾತ್ರೆಯ ಕಡೆ ಬೆರಳು ತೋರಿಸುತ್ತಿವೆ. ಆದ್ದರಿಂದ ಕೆಲವು ವೈದ್ಯರು ಮಾತ್ರೆ ಬದಲಿಸಿ ನಾಲ್ಕು ವಾರ ನೋಡೋಣ ಎನ್ನಬಹುದು, ಕೆಲವರು ಈಗಲೇ ಮಾಡಿಬಿಡೋಣ ಎನ್ನಬಹುದು. ಎರಡೂ ತಪ್ಪಲ್ಲ. ಹಿಮೋಗ್ಲೋಬಿನ್ 12.4ರಿಂದ 10ಕ್ಕೆ ಇಳಿದಿದ್ದರೆ ಕಾಯುವ ಮಾತೇ ಬರುತ್ತಿರಲಿಲ್ಲ.

## ಎರಡನೇ ಭೇಟಿಯ ಚೀಟಿ

ನಾಲ್ಕು ವಾರದ ನಂತರ ಮತ್ತೆ ಒಂದು ಪುಟ ಬೇಡ, ನಾಲ್ಕು ಸಾಲು ಸಾಕು. ಯಾವ ಮಾತ್ರೆ ಯಾವ ತಾರೀಖಿನಂದು ನಿಂತಿತು, ಕೊನೆಯ 14 ದಿನದಲ್ಲಿ ಎಷ್ಟು ಸಲ ಯಾವ ಬಗೆ, ಉಬ್ಬರ ಎಷ್ಟು ದಿನ, ತೂಕ ಎಷ್ಟು. ಉದಾಹರಣೆಗೆ: "ಜುಲೈ 8ರಿಂದ ವೋಗ್ಲಿಬೋಸ್ ಇಲ್ಲ, 22ರಿಂದ ಮೆಟ್‌ಫಾರ್ಮಿನ್ ಎಸ್‌ಆರ್. ಈಗ 14 ದಿನದಲ್ಲಿ 18 ಸಲ, 4ನೇ ಬಗೆ 13, 5ನೇ ಬಗೆ 4, 6ನೇ ಬಗೆ 1. ಉಬ್ಬರ 3 ದಿನ, ಮೂರೂ ಅವರೆಕಾಳು ತಿಂದ ದಿನ. ತೂಕ 62.8. ಸಂಜೆಗೆ ಲಾಡಿ ಸಡಿಲಿಸಬೇಕಾಗುತ್ತಿಲ್ಲ. ಊಟದ ಮೇಲಿನ ಶುಗರ್ ಮಾತ್ರ 180ರಿಂದ 205ಕ್ಕೆ ಏರಿದೆ, ಅದನ್ನು ಶುಗರ್ ಡಾಕ್ಟರಿಗೆ ತೋರಿಸಿದ್ದೇನೆ."